ಮನೆ ಮಾರಿದೆವು ದೋಸ್ತ, ಫೋಟೋದ ಕೆಳಗೆ ಹಿಡಿಯದ್ದನ್ನು ಇಲ್ಲಿ ಬರೆದಿದ್ದೇನೆ

ದೋಸ್ತ,

ನಿನ್ನೆ ರಾತ್ರಿ ನಮ್ಮ ಮನೆಯ ಒಂದು ಫೋಟೋ ಹಾಕಿ, ಕೆಳಗೆ ಎರಡು ಸಾಲು ಬರೆದು ಮಲಗೋಣ ಅಂತ ಕೂತೆ. "ಹೋಗಿ ಬರ್ತೀವಿ ಮನೆಯೇ" ಅಂತ ಬರೆದೆ. ಅಳಿಸಿದೆ. ಎಲ್ಲಿಗೆ ಬರೋದು? ಮಾರಿ ಆಯ್ತಲ್ಲ. ಇನ್ನೊಂದು ಬರೆದೆ, ಅದು ಯಾರದೋ ಶ್ರದ್ಧಾಂಜಲಿ ಬ್ಯಾನರ್ ಥರ ಕಾಣಿಸಿತು. ಹನ್ನೆರಡೂವರೆ ಆಯ್ತು. ಕೊನೆಗೆ ನಿನಗೇ ಬರೆಯೋಣ ಅನ್ನಿಸಿತು, ಯಾಕಂದ್ರೆ ಆ ಮನೆಯ ಒಳಗು ನನ್ನಷ್ಟೇ ಗೊತ್ತಿರೋನು ನೀನೊಬ್ಬ. ನಮ್ಮ ಓಣಿಯವರೂ ಓದಲಿ ಅಂತ ಎಲ್ಲರಿಗೂ ಕಾಣೋ ಹಾಗೆ ಹಾಕ್ತಿದ್ದೇನೆ, ಬೇಜಾರು ಮಾಡ್ಕೋಬೇಡ.

ಹೋದ ವಾರ ರೋಣಕ್ಕೆ ಹೋಗಿ ಖರೀದಿ ಪತ್ರಕ್ಕೆ ಸಹಿ ಹಾಕಿ ಬಂದೆವು. ನಾನು, ತಮ್ಮ, ಹಾವೇರಿಯಿಂದ ಅಕ್ಕ. 2005ರ ತಿದ್ದುಪಡಿಯ ನಂತರ ಹಿರಿಯರ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು, ಹಾಗಾಗಿ ಅಕ್ಕನ ಸಹಿ ಇಲ್ಲದೆ ತಗೊಳ್ಳೋರು ಮುಂದೆ ಬರೋದೇ ಇಲ್ಲ. ಪತ್ರದಲ್ಲಿ ಮನೆಯ ವಿವರ ಐದಾರು ಸಾಲು ಇದೆ. ಪೂರ್ವ ಪಶ್ಚಿಮ 62 ಅಡಿ, ದಕ್ಷಿಣ ಉತ್ತರ 28 ಅಡಿ, ಮಣ್ಣಿನ ಗೋಡೆ, ಮೇಲ್ಮುದ್ದಿ ಮಾಳಿಗೆ. ಆಮೇಲೆ ಚಕ್ಕುಬಂದಿ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಹಿತ್ತಲ ಹಾದಿ, ದಕ್ಷಿಣಕ್ಕೆ ಖುಲ್ಲಾ ಜಾಗ, ಉತ್ತರಕ್ಕೆ ನಿಮ್ಮಪ್ಪನ ಹೆಸರು. ನಿಮ್ಮಪ್ಪನ ಹೆಸರು ಓದಿದಾಗ ಮಾತ್ರ ನನಗೆ ಒಂಥರಾ ಆಯ್ತು. ಸುತ್ತ ಏನಿದೆ ಅಂತ ಪತ್ರದಲ್ಲಿದೆ, ಒಳಗೆ ಏನಿತ್ತು ಅಂತ ಇಲ್ಲ.

ಮೊದಲು ಕೆಲಸದ ಮಾತು. ನಿಮ್ಮ ಮನೆಗೂ ನಮ್ಮ ಮನೆಗೂ ನಡುವಿನ ಗೋಡೆ ಒಂದೇ ಅಲ್ವಾ. ನಿಮ್ಮ ಜಂತಿಗಳೂ ಅದರ ಮೇಲೇ ಕೂತಿವೆ. ತಗೊಂಡವರು ನಮ್ಮದನ್ನು ಪೂರ್ತಿ ಕೆಡವಿ ಸ್ಲ್ಯಾಬ್ ಮನೆ ಕಟ್ಟುತ್ತಾರೆ, ಆದರೆ ಆ ಗೋಡೆ ಮುಟ್ಟಲ್ಲ ಅಂತ ಒಪ್ಪಿಕೊಂಡಿದ್ದಾರೆ. ಅದಕ್ಕೆ ಅಂಟದಂತೆ ಒಳಗಿನಿಂದ ತಮ್ಮದೇ ಗೋಡೆ ಎಬ್ಬಿಸುತ್ತಾರೆ. ನಿಮ್ಮ ಕಾಕಾನಿಗೆ ಹೇಳಿದ್ದೇನೆ. ನೀನೂ ಒಂದು ಫೋನ್ ಮಾಡು.

ಇನ್ನು ಮನೆ. ತಲಬಾಗಿಲು ದಾಟಿದರೆ ಎಡಕ್ಕೆ ದನ ಕಟ್ಟುವ ಜಾಗ, ಅಲ್ಲಿ ಗೋಡೆಗುಂಟ ಗ್ವಾದಲಿ. ಬಲಕ್ಕೆ ಎರಡು ಅಡಿ ಎತ್ತರದ ಪಡಸಾಲಿ. ನಾವು ಊಟಕ್ಕೆ ಕೂತಾಗ ಎತ್ತುಗಳ ಮುಖ ನಮ್ಮ ತಾಟಿನ ಮಟ್ಟಕ್ಕೇ ಬರ್ತಿತ್ತು. ನೀನು ರೊಟ್ಟಿಯ ಅಂಚು ಮುರಿದು ಮುರಿದು ಕರಿ ಎತ್ತಿಗೆ ಹಾಕಿ ಆಯಿಯ ಕೈಲಿ ಬೈಸಿಕೊಂಡಿದ್ದೆಲ್ಲ ನೆನಪಿದೆಯಾ? ಪಡಸಾಲಿ ಹಿಂದೆ ನಡುಮನೆ, ಅದರ ಮೂಲೆಗೆ ದೇವರ ಜಗಲಿ. ಅದರ ಹಿಂದೆ ಅಡುಗೆಮನೆ, ಬಚ್ಚಲು, ಹಿತ್ತಲು. ಅಷ್ಟೇ ಮನೆ. ಕಿಟಕಿ ಅನ್ನೋದು ಪಡಸಾಲಿಗೆ ಒಂದೇ, ಅದೂ ಅಪ್ಪ ನಂತರ ಒಡೆಸಿದ್ದು.

ಅಡುಗೆಮನೆಗೆ ಬೆಳಕು ಬರ್ತಿದ್ದದ್ದು ಮಾಳಿಗೆಯ ಬೆಳಕಿಂಡಿಯಿಂದ. ತಳ ಒಡೆದ ಗಡಿಗೆಯನ್ನು ಮಣ್ಣಲ್ಲಿ ಕೂರಿಸಿದ್ದರು, ಅಂಗೈ ಅಗಲದ ತೂತು. ಮಳೆ ಬಂದರೆ ಯಾರಾದರೂ ಓಡಿ ಮೇಲೆ ಹತ್ತಿ ಬೋಗುಣಿ ಡಬ್ಬು ಹಾಕಬೇಕು. ಬಿಸಿಲು ಇದ್ದಾಗ ನೆಲದ ಮೇಲೆ ರೊಟ್ಟಿಯಷ್ಟು ಅಗಲದ ಬೆಳಕು ಬೀಳ್ತಿತ್ತಲ್ಲ, ಆಯಿಗೆ ಅದೇ ಗಡಿಯಾರ. ಬೆಳಕು ಒರಳಿನ ಹತ್ತಿರ ಬಂದರೆ ಹೊಲಕ್ಕೆ ಬುತ್ತಿ ಕಳಿಸುವ ಹೊತ್ತು. ನನಗೆ ಆಗ ತಿಳೀತಿರಲಿಲ್ಲ, ಆದರೆ ಆ ಒರಳಿನ ಲೆಕ್ಕ ಎಲ್ಲ ತಿಂಗಳೂ ನಡೆಯೋದಿಲ್ಲ. ನಮ್ಮ ಕಡೆ ಮೇ ಮೊದಲ ವಾರದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಗೆ ಬರ್ತಾನೆ, ಆಗ ಬೆಳಕು ತೂತಿನ ನೇರ ಕೆಳಗೇ ಬೀಳುತ್ತೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರ್ತಾನೆ, ಅದಕ್ಕೇ ಮಧ್ಯಾಹ್ನದ ಬೆಳಕು ಏಳೆಂಟು ಅಡಿ ಉತ್ತರಕ್ಕೆ, ಅಂದ್ರೆ ನಿಮ್ಮ ಗೋಡೆಯ ಬುಡಕ್ಕೆ ಹೋಗ್ತಿತ್ತು. ಆಯಿ ಇದನ್ನೆಲ್ಲ ಹೇಳದೆಯೇ ಲೆಕ್ಕ ಇಟ್ಟಿದ್ದಳು. ಚಳಿಗಾಲದಲ್ಲಿ ಅವಳು ಒರಳು ನೋಡ್ತಿರಲಿಲ್ಲ, ಆ ಗೋಡೆಯ ಗೂಡು ನೋಡ್ತಿದ್ದಳು.

ಈಗ ಮಾಳಿಗೆಯ ವಿಷಯ. ಇದನ್ನು ಹೇಳೋಕೇ ಇಷ್ಟು ಸುತ್ತಿ ಬಂದೆ.

ಎಲ್ಲರೂ ಕೇಳ್ತಾರೆ, "ಯಾಕ ಮಾರಿದ್ರಿ?" ಅಂತ. "ಮಳ್ಯಾಗ ಸೋರಿ ಹಾಳಾತ್ರಿ" ಅಂತೀನಿ. ಅದು ಅರ್ಧ ಸುಳ್ಳು. ಮಳೆ ಆ ಮನೆ ಮೇಲೆ ಎಷ್ಟೋ ವರ್ಷ ಬಿದ್ದಿದೆ, ಏನೂ ಆಗಿರಲಿಲ್ಲ.

ನೀನು ಮಾಳಿಗೆ ಮೇಲೆ ಮಲಗಿದ್ದೀಯ, ಅಲ್ಲಿಂದ ನಿಮ್ಮ ಮಾಳಿಗೆಗೆ, ಅಲ್ಲಿಂದ ಓಣಿಯ ಕೊನೆಯ ಮನೆಯವರೆಗೆ ಓಡಿದ್ದೀಯ, ಆದರೆ ಅದರೊಳಗೆ ಏನಿದೆ ಅಂತ ಯಾವತ್ತಾದರೂ ನೋಡಿದ್ದೀಯಾ? ನಾನೂ ನೋಡಿದ್ದು ಈಗ, ಬಿಚ್ಚುವಾಗ. ಕಂಬದ ಮೇಲೆ ತೊಲೆ. ತೊಲೆಯ ಮೇಲೆ ಅಡ್ಡಡ್ಡ ಜಂತಿ. ಜಂತಿಗಳ ನಡುವಿನ ಸಂದಿಗೆ ಮೊಳದುದ್ದದ ಕಟ್ಟಿಗೆ ತುಂಡುಗಳು ಒತ್ತೊತ್ತಾಗಿ. ಅದರ ಮೇಲೆ ಬೇವಿನ ತಪ್ಪಲ ಹಾಸು, ಗೆದ್ದಲು ಹತ್ತಬಾರದು ಅಂತ. ಅದರ ಮೇಲೆ ಕಲಸಿದ ಮಣ್ಣು, ಎಲ್ಲಕ್ಕಿಂತ ಮೇಲೆ ಸವಳು. ಒಟ್ಟು ಒಂದೂವರೆ ಅಡಿ ದಪ್ಪ. ಬೇವಿನ ಎಲೆ ಕೈ ತಾಕಿದರೆ ಪುಡಿಯಾಗ್ತಿತ್ತು, ಆದರೆ ಎಲೆ ಅಂತ ಗುರುತು ಸಿಗೋ ಹಾಗೇ ಇತ್ತು.

ನೀರು ತಡೆಯುತ್ತಿದ್ದದ್ದು ಆ ಸವಳು. ಹಳ್ಳದ ಕಡೆ ಬಿಳಿ ಬಿಳಿಯಾಗಿ ಉಪ್ಪು ಹೂತಂತೆ ಕಾಣೋ ನೆಲ ಇತ್ತಲ್ಲ, ಏನೂ ಬೆಳೆಯದ್ದು, ಅಲ್ಲಿಯ ಮಣ್ಣು. ಬೆಳೆಗೆ ಅದು ಯಾಕೆ ಆಗಲ್ಲವೋ ಅದೇ ಕಾರಣಕ್ಕೆ ಮಾಳಿಗೆಗೆ ಆಗುತ್ತೆ. ನೀರು ಬಿದ್ದ ಕೂಡಲೇ ಅದರ ಕಣಗಳು ಬಿಚ್ಚಿಕೊಂಡು, ಉಬ್ಬಿ, ಸಣ್ಣ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ಮೇಲಿನ ಎರಡು ಬೆರಳು ಒದ್ದೆಯಾಗುತ್ತೆ, ಅದರ ಕೆಳಗೆ ನೀರು ಇಳಿಯೋದಿಲ್ಲ, ಇಳಿಜಾರಿನ ಕಡೆ ಹರಿದು ನೀರು ಹೊರಗೆ ಬೀಳೋ ದೋಣಿಗೆ ಹೋಗುತ್ತೆ. ಬಸವ ಜಯಂತಿ ಮುಗಿದ ಮೇಲೆ, ಮಿರುಗದ ಮಳೆ ಹಿಡಿಯೋದರೊಳಗೆ, ಅಪ್ಪ ಎರಡು ಮೂರು ಚಕ್ಕಡಿ ಸವಳು ತರ್ತಿದ್ದ. ಒಣ ಮಣ್ಣನ್ನೇ ಬುಟ್ಟಿಯಲ್ಲಿ ಹೊತ್ತು ಮೇಲೆ ಹರವೋದು. ನೀರು ಹಾಕಿ ಕಲಸೋದಿಲ್ಲ, ಮೊದಲ ಮಳೆಯೇ ಕೂರಿಸುತ್ತೆ.

ನಮ್ಮಿಬ್ಬರ ಪಾಲಿನ ಕೆಲಸ ಹುಲ್ಲು ಕೀಳೋದು. ಮಳೆ ಬಿದ್ದ ಎಂಟು ದಿನಕ್ಕೆ ಮಾಳಿಗೆ ಹಸಿರಾಗ್ತಿತ್ತು. ನೋಡೋಕೆ ಚಂದ. ಆದರೆ ಬೇರು ಇಳಿದ ಕಡೆ ನೀರಿಗೆ ದಾರಿ ಆಗುತ್ತೆ, ಅದಕ್ಕೇ ಬೇರು ಸಮೇತ ಕಿತ್ತು, ಆ ತೂತಿಗೆ ಒಂದು ಚಿಟಿಕೆ ಸವಳು ಒತ್ತಬೇಕು. ಒಂದು ಬುಟ್ಟಿ ಹುಲ್ಲಿಗೆ ನಾಲ್ಕಾಣೆ ಕೊಡ್ತೀನಿ ಅಂತ ಅಜ್ಜ ಹೇಳ್ತಿದ್ದ. ಕೊಟ್ಟಿದ್ದು ಒಂದೇ ಸಲ.

ಅದರಲ್ಲೂ ತೊಂದರೆ ಇಲ್ಲ ಅಂತಲ್ಲ. ವರ್ಷಾ ಹಾಕಿ ಹಾಕಿ ಭಾರ ಜಾಸ್ತಿ ಆಗುತ್ತೆ. ಕೆಲವು ವರ್ಷಕ್ಕೊಮ್ಮೆ ಹಳೆಯದನ್ನು ಹೆರೆದು ಕೆಳಗೆ ಇಳಿಸಬೇಕು. ಅಜ್ಜ ಹೋದ ಮೇಲೆ ಆ ಹೆರೆಯೋದು ನಿಂತಿತು. ಎತ್ತು ಮಾರಿದ ಮೇಲೆ ಚಕ್ಕಡಿ ಇಲ್ಲ. ಸವಳಿನ ನೆಲವನ್ನೂ ಯಾರೋ ಹದ ಮಾಡಿ ಹೊಲ ಮಾಡಿಕೊಂಡರು. ಹಂಗೂ ಹಿಂಗೂ ನಡೀತಿತ್ತು, 2009ರವರೆಗೆ.

ಆ ವರ್ಷ ಸೆಪ್ಟೆಂಬರ್ ಕೊನೆಗೆ ಶುರುವಾದ ಮಳೆ ನಿನಗೆ ಗೊತ್ತು. ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳು ಸಾಲು ಸಾಲಾಗಿ ಕುಸಿದವು. ಸವಳು ಎರಡು ಮೂರು ತಾಸಿನ ಮಳೆಗೆ ಗಟ್ಟಿ, ಮಧ್ಯೆ ಬಿಸಿಲು ಬಿದ್ದು ಆರಬೇಕು. ಬಿಡುವಿಲ್ಲದೆ ದಿನಗಟ್ಟಲೆ ಸುರಿದರೆ ಅದೂ ನೆನೆದು ಕೆಸರಾಗುತ್ತೆ, ಕೆಳಗಿನ ಮಣ್ಣೂ ನೀರು ಕುಡಿದು ಭಾರ ಆಗುತ್ತೆ. ಮೂರನೇ ರಾತ್ರಿ ಪಡಸಾಲಿಯ ತೊಲೆ "ಕಿರ್" ಅಂತ ಸದ್ದು ಮಾಡಿತು. ನಾನು ಆಗ ಹುಬ್ಬಳ್ಳಿಯಿಂದ ರಜೆಗೆ ಬಂದವನು ಸಿಕ್ಕಿಹಾಕಿಕೊಂಡಿದ್ದೆ. ಅಪ್ಪ, ನಾನು, ನಿಮ್ಮ ಕಾಕಾ ಮೂವರೂ ಸೇರಿ ಚಕ್ಕಡಿಯ ಹಳೆಯ ಮೂಕಿಯನ್ನೇ ತೊಲೆಗೆ ಆನಿಸಿ ನಿಲ್ಲಿಸಿದೆವು. ಬೆಳಗಿನವರೆಗೆ ಯಾರೂ ಮಲಗಲಿಲ್ಲ. ಮನೆ ನಿಂತಿತು. ಒಂದು ಮೂಲೆ ಸೋರಿತು, ಅಷ್ಟೇ.

ಅಲ್ಲಿಗೆ ಬಿಡಬೇಕಿತ್ತು. ನಾನು ಬಿಡಲಿಲ್ಲ. ಸಂಬಳ ಬರ್ತಿತ್ತಲ್ಲ, ಮುಂದಿನ ಬೇಸಿಗೆಯಲ್ಲಿ ಮೂವತ್ತು ಚೀಲ ಸಿಮೆಂಟು ತರಿಸಿದೆ. ಅಡುಗೆಮನೆ, ನಡುಮನೆ ಮೇಲೆ ಮಣ್ಣನ್ನು ಸಮ ಮಾಡಿಸಿ ಎರಡು ಇಂಚು ಸಿಮೆಂಟ್ ಹಾಸು ಹಾಕಿಸಿದೆ. ಇನ್ನು ಸವಳೂ ಬೇಡ, ಹುಲ್ಲೂ ಬೇಡ ಅಂತ ಊರೆಲ್ಲ ಹೇಳಿಕೊಂಡು ಓಡಾಡಿದೆ. ಅಪ್ಪ ಒಂದೇ ಮಾತು ಹೇಳಿದ್ದ: "ಮಾಳಿಗಿ ಬ್ಯಾಸಗ್ಯಾಗ ಒಡೀತೈತಿ, ಮಳ್ಯಾಗ ಕೂಡತೈತಿ. ನಿನ್ನ ಸಿಮೆಂಟ ಒಮ್ಮೆ ಒಡದರ ಕೂಡೂದಿಲ್ಲೋ ತಮ್ಮಾ." ನಾನು ನಕ್ಕೆ.

ಹಾಗೇ ಆಯ್ತು. ಕೆಳಗಿನ ಮಣ್ಣು ಉಬ್ಬಿ ಇಳಿಯುತ್ತೆ, ಮೇಲಿನ ಸಿಮೆಂಟು ಅಲುಗಾಡೋದಿಲ್ಲ. ಎರಡನೇ ಬೇಸಿಗೆಗೆ ಕೂದಲೆಳೆಯಂಥ ಬಿರುಕು ಬಂತು. ಅದರಲ್ಲಿ ನೀರು ಇಳಿಯಿತು. ಮೊದಲಾದರೆ ಇಳಿದ ನೀರು ಬಿಸಿಲಿಗೆ ಮೇಲಿಂದಲೇ ಆರಿ ಹೋಗ್ತಿತ್ತು, ಈಗ ಮೇಲೆ ಮುಚ್ಚಳ. ನೀರು ಒಳಗೇ ನಿಂತು ಮೆಲ್ಲಗೆ ಕಟ್ಟಿಗೆ ಕಡೆ ಇಳಿಯಿತು. ಮೋಸ ಏನಂದ್ರೆ ಹನಿ ಬೀಳೋದು ನಿಂತಿತ್ತು. ಸೋರುತ್ತಿಲ್ಲ ಅಂತ ನಾವು ಖುಷಿಯಲ್ಲಿದ್ದೆವು. ತೊಲೆ ಗೋಡೆಯೊಳಗೆ ಹೊಕ್ಕ ಜಾಗದಲ್ಲಿ ಸುಣ್ಣ ಉಬ್ಬಿ ಹಳದಿ ಗೆರೆ ಎದ್ದಿತ್ತು. ಬೆಳಿಗ್ಗೆ ಕಸ ಹೊಡೆಯುವಾಗ ಅದರ ಕೆಳಗೆ ದಿನಾ ಒಂದು ಚಮಚದಷ್ಟು ಸಣ್ಣ ಹಿಟ್ಟು. ಅವ್ವ ಎರಡು ವರ್ಷ ಆ ಹಿಟ್ಟನ್ನು ಗುಡಿಸಿ ಚೆಲ್ಲಿದಳು. "ಏನೋ ಉದುರತೈತಿ ನೋಡೋ" ಅಂತ ಫೋನಿನಲ್ಲಿ ಹೇಳಿದ್ದೂ ಉಂಟು. ದೀಪಾವಳಿಗೆ ಬಂದಾಗ ನೋಡ್ತೀನಿ ಅಂದೆ.

ಈಗ ಮನೆ ಬಿಚ್ಚೋ ಮೊದಲು ಹಳೇ ಕಟ್ಟಿಗೆ ವ್ಯಾಪಾರಿ ಒಬ್ಬರು ಹುಬ್ಬಳ್ಳಿಯಿಂದ ಬಂದರು. ಕೈಯಲ್ಲಿ ಒಂದು ಉದ್ದ ಮೊಳೆ, ಒಂದು ಸಣ್ಣ ಸುತ್ತಿಗೆ. ಪ್ರತಿ ತೊಲೆಗೂ ಮೂರು ಕಡೆ ತಟ್ಟೋದು, ಕಿವಿ ಕೊಡೋದು, ಮೊಳೆ ಚುಚ್ಚೋದು. ಪಡಸಾಲಿಯ ಎರಡೂ ಸಾಗವಾನಿ ತೊಲೆಗೆ "ಟಣ್" ಅಂತ ಸದ್ದು, ಮೊಳೆ ಕಾಲು ಇಂಚೂ ಹೋಗಲಿಲ್ಲ. ಅದು ನಾನು ಸಿಮೆಂಟ್ ಹಾಕಿಸದ ಭಾಗ. ಅಡುಗೆಮನೆಯ ತೊಲೆ ನಡುವೆ ಗಟ್ಟಿ ಇತ್ತು, ಗೋಡೆಯ ತುದಿಗೆ ತಟ್ಟಿದರೆ ಸದ್ದೇ ಇಲ್ಲ, ಹತ್ತಿಯ ಮೂಟೆಗೆ ಹೊಡೆದಂತೆ. ಮೊಳೆ ಬೆರಳುದ್ದ ಒಳಗೆ ಹೋಯ್ತು, ಬೆಣ್ಣೆಗೆ ಚುಚ್ಚಿದ ಹಾಗೆ. ಅವರು ನನ್ನ ಕಡೆ ನೋಡಿ, "ಮ್ಯಾಲ ಸಿಮೆಂಟ ಹಾಕ್ಸಿರೇನ್ರಿ?" ಅಂದರು. ಮೇಲೆ ಹತ್ತಿ ನೋಡಿರಲಿಲ್ಲ ಅವರು, ಕೆಳಗಿನಿಂದಲೇ ಹೇಳಿದರು. ತಮ್ಮ ಪಕ್ಕದಲ್ಲಿದ್ದ. ಏನೂ ಮಾತಾಡಲಿಲ್ಲ ಪಾಪ.

ಪಡಸಾಲಿಯ ತೊಲೆಯಲ್ಲಿ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿ ಇತ್ತು, ನೆನಪಿದೆಯಾ? ಕಟ್ಟಿಗೆಯೊಳಗೆ ಕಬ್ಬಿಣ ಉಳಿದರೆ ಗರಗಸದ ಹಲ್ಲು ಮುರಿಯುತ್ತೆ, ತೆಗೆದು ಕೊಡ್ರಿ ಅಂದರು. ತಮ್ಮ ಅರ್ಧ ತಾಸು ಗುದ್ದಾಡಿ ಕಿತ್ತ. ಒಳಗೆ ಸೇರಿದ್ದ ಭಾಗ ಕಪ್ಪಗೆ ಹೊಸದರ ಹಾಗೇ ಇತ್ತು, ಹೊರಗಿನ ಬಳೆ ಮಾತ್ರ ಹಗ್ಗ ಉಜ್ಜಿ ಉಜ್ಜಿ ಒಂದು ಕಡೆ ಅರ್ಧ ಸವೆದಿತ್ತು. ಅಪ್ಪ, ಇಬ್ಬರು ಕಾಕಾಂದಿರು, ಅತ್ತಿ, ನಾವು ಮೂವರು, ಅಕ್ಕನ ಇಬ್ಬರು ಮಕ್ಕಳು, ಇಷ್ಟು ಜನರ ಹಗ್ಗ. ಅಕ್ಕ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು. ರೋಣದಲ್ಲಿ ಸಹಿ ಹಾಕುವಾಗ ಏನೂ ಕೇಳದವಳು ಇದನ್ನು ಮಾತ್ರ ಯಾರನ್ನೂ ಕೇಳದೆ ತಗೊಂಡಳು.

ಇನ್ನೊಂದು ಉಳಿಯಿತು, ನೆಲದೊಳಗೆ ಜೋಳ ತುಂಬಿಡ್ತಿದ್ದ ಹಗೇವು. ಮನೆ ಮುಂದಿನ ಅಂಗಳದಲ್ಲಿ, ನಮ್ಮ ಕಾಲದಲ್ಲೇ ಮುಚ್ಚಿ ಮೇಲೆ ಮಣ್ಣು ಹಾಕಿದ್ದರು. ತಗೊಂಡವರು ಬುನಾದಿ ತೋಡೋ ಮೊದಲು ಅದು ಎಲ್ಲಿದೆ ಅಂತ ಗೊತ್ತಾಗಲೇಬೇಕು, ಯಾಕಂದ್ರೆ ಬಾಯಿ ಎರಡಡಿ ಇದ್ದರೂ ಒಳಗೆ ಹೊಟ್ಟೆ ಎಂಟಡಿ ಅಗಲ, ಆಳ ಹತ್ತು ಹನ್ನೆರಡು ಅಡಿ. ಮೇಲೆ ಪಿಲ್ಲರ್ ಬಂದರೆ ಒಂದಿನ ಒಳಗೆ ಕೂತುಬಿಡುತ್ತೆ. ಊರು ಗರಸು ದಿಬ್ಬದ ಮೇಲಿರೋದರಿಂದ ಅಲ್ಲಿ ತೋಡಿದ್ದರು. ಒಳಗೆ ಬೆಂಕಿ ಹಾಕಿ ಒಣಗಿಸಿ, ಸುತ್ತ ಕಣಕಿ ಹಾಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ಗಾಳಿ ಆಡೋದಿಲ್ಲ. ಜೋಳವೇ ಒಳಗಿನ ಗಾಳಿ ಉಸಿರಾಡಿ ಕೆಡಿಸಿಬಿಡುತ್ತೆ, ಹಾಗಾಗಿ ಹುಳ ಬದುಕೋದಿಲ್ಲ. ಮನುಷ್ಯನೂ ಬದುಕೋದಿಲ್ಲ. ಕೆಟ್ಟ ಗಾಳಿ ಭಾರ, ತಳದಲ್ಲೇ ಕೂತಿರುತ್ತೆ. ತೆಗೆದ ದಿನ ಯಾರನ್ನೂ ಇಳಿಸ್ತಿರಲಿಲ್ಲ ಅಜ್ಜ. ಒಂದು ರಾತ್ರಿ ಬಾಯಿ ತೆರೆದಿಟ್ಟು, ಮರುದಿನ ಹಗ್ಗಕ್ಕೆ ಕಂದೀಲು ಕಟ್ಟಿ ತಳದವರೆಗೆ ಬಿಡ್ತಿದ್ದ. ದೀಪ ಆರಿದರೆ ಅವತ್ತೂ ಇಲ್ಲ. ಉರಿದರೂ ಇಳಿಯೋನ ಸೊಂಟಕ್ಕೆ ಹಗ್ಗ. ನಾವಿಬ್ಬರೂ ಬಾಯಿಯ ಹತ್ತಿರ ಬಗ್ಗಿ ನೋಡಿದ್ದಕ್ಕೆ ಅವತ್ತು ಬಿದ್ದ ಏಟು ನನ್ನ ಬೆನ್ನಿಗೆ ಈಗಲೂ ಗೊತ್ತು.

ಎಲ್ಲಿದೆ ಅಂತ ನಾನೇ ತೋರಿಸ್ತೀನಿ ಅಂದೆ. ನಾವು ಲೆಕ್ಕ ಇಟ್ಟಿದ್ದೆವಲ್ಲ, ಕಟ್ಟೆಯ ಮೂಲೆಯಿಂದ ಬೇವಿನ ಗಿಡದ ಕಡೆ ಹದಿನಾಲ್ಕು ಹೆಜ್ಜೆ. ಹದಿನಾಲ್ಕು ಹಾಕಿದೆ. ಹಾರೆ ಬಡಿದರೆ ಬರೀ ಮಣ್ಣು. ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ. ಇಲ್ಲ. ಅರ್ಧ ತಾಸು ಬಿಸಿಲಲ್ಲಿ ನಾನು ನಡೆದದ್ದೇ ನಡೆದದ್ದು, ಮನೆ ತಗೊಂಡವರು ಸುಮ್ನೆ ನಿಂತು ನೋಡ್ತಿದ್ದರು. ಆಮೇಲೆ ಹೊಳೆಯಿತು, ಆ ಹೆಜ್ಜೆ ಹತ್ತು ವರ್ಷದವನದ್ದು ಅಂತ. ಅವರ ಮಗ ಅಲ್ಲೇ ಮರಳು ಗುಂಪೆಯ ಮೇಲೆ ಆಡ್ತಿದ್ದ, ಅಷ್ಟೇ ವಯಸ್ಸು ಇರಬೇಕು. ಅವನನ್ನು ಕರೆದು ಕಟ್ಟೆಯ ಮೂಲೆಗೆ ನಿಲ್ಲಿಸಿದೆ. "ಹದಿನಾಕು ಎಣಿಸಿ ನಿಂದ್ರಪಾ" ಅಂದೆ. ಜೋರಾಗಿ ಎಣಿಸುತ್ತ ಹೋದ. ನಿಂತ ಕಡೆ ಹಾರೆ ಬಡಿದರು. ಎರಡನೇ ಏಟಿಗೆ ಕಲ್ಲಿನ ಸದ್ದು ಬಂತು.

ಹುಡುಗನಿಗೆ ಚಾಕಲೇಟಿಗೆ ಅಂತ ಹತ್ತು ರೂಪಾಯಿ ಕೊಟ್ಟೆ. ಚಪ್ಪಡಿ ಎತ್ತುವವರೆಗೆ ನಾನು ನಿಲ್ಲಲಿಲ್ಲ, ಗದಗಿನ ಬಸ್ಸಿಗೆ ಹೊತ್ತಾಗಿತ್ತು. ಒಂದು ರಾತ್ರಿ ತೆರೆದಿಟ್ಟು, ಕಂದೀಲು ಬಿಟ್ಟು ನೋಡದೆ ಯಾರನ್ನೂ ಇಳಿಸಬೇಡ್ರಿ, ಹುಡುಗನನ್ನಂತೂ ಹತ್ತಿರ ಬಿಡಲೇಬೇಡ್ರಿ ಅಂತ ಮೂರು ಸಲ ಹೇಳಿ ಬಂದೆ.

ನಿನ್ನ ಹತ್ತಿರ ಆ ಫೋಟೋ ಇದೆಯಲ್ಲ, ಮಾಳಿಗೆ ಮೇಲೆ ನಾವಿಬ್ಬರೂ ಹುಲ್ಲಿನ ಬುಟ್ಟಿ ಹಿಡಿದು ನಿಂತದ್ದು, ಅಜ್ಜನ ನೆರಳು ಮಾತ್ರ ಬಿದ್ದದ್ದು. ಸಿಕ್ಕರೆ ಕಳಿಸು. ನನ್ನ ಫೋನಿನಲ್ಲಿರೋದೆಲ್ಲ ಸಿಮೆಂಟ್ ಹಾಕಿಸಿದ ಮೇಲಿನವು.

ನಿನ್ನ ಪಕ್ಕದ ಮನೆಯವ